ಬರೀ ‘ಹಾಯ್’ ಎಂದವರಿಗೆ ಏನೆನ್ನಬೇಕು?

ಕೇಳುಗರಿಗೆ ನಮಸ್ಕಾರ.

ವಾಟ್ಸ್‌ಆ್ಯಪ್‌ನಲ್ಲಿ ಹೆಸರಿಲ್ಲದ ಒಂದು ನಂಬರ್, ಅದರ ಕೆಳಗೆ ‘ಹಾಯ್’. ಹಿಂದಿಲ್ಲ, ಮುಂದಿಲ್ಲ, ಅಷ್ಟೇ. ಇದನ್ನು ಕಂಡೊಡನೆ ಕೆಲವರು ಹೆದರುತ್ತಾರೆ, ಕೆಲವರು ತಕ್ಷಣ ‘ಹಾಯ್, ಯಾರು?’ ಎಂದು ಬರೆದುಬಿಡುತ್ತಾರೆ. ಈ ಎರಡರ ನಡುವೆ ಒಂದು ದಾರಿಯಿದೆ. ಈ ಹೊತ್ತು ಅದರ ಬಗ್ಗೆ ಮಾತನಾಡುತ್ತೇನೆ.

ಮೊದಲು ಹೆದರಿಕೆಯ ವಿಷಯ. ‘ಅಪರಿಚಿತರ ಹಾಯ್‌ಗೆ ಉತ್ತರ ಕೊಟ್ಟರೆ ಖಾತೆಯ ಹಣವೆಲ್ಲ ಹೋಗುತ್ತದೆ’ ಎಂಬ ಸಂದೇಶವನ್ನು ನೀವೂ ಯಾವುದಾದರೊಂದು ಗುಂಪಿನಲ್ಲಿ ನೋಡಿರಬಹುದು. ನಾಲ್ಕು ಅಕ್ಷರ ಬರೆದು ಕಳಿಸಿದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಹೋಗುವುದು ಬೇರೆಯದು: ಈ ನಂಬರ್ ಬಳಕೆಯಲ್ಲಿದೆ, ಇದರ ಒಡೆಯರು ಗುರುತಿಲ್ಲದವರ ಜೊತೆಗೂ ಮಾತಿಗೆ ಸಿಗುತ್ತಾರೆ, ಇಂಥ ಭಾಷೆಯಲ್ಲಿ ಬರೆಯುತ್ತಾರೆ ಎಂಬ ಮೂರು ಸುದ್ದಿಗಳು ಆ ಕಡೆಗೆ ತಲುಪುತ್ತವೆ. ಮೋಸಗಾರರಿಗೆ ಆರಂಭಕ್ಕೆ ಬೇಕಾದದ್ದು ಅಷ್ಟೇ.

ಅವರು ಬರೀ ಹಾಯ್ ಎಂದು ನಿಲ್ಲಿಸುವುದಕ್ಕೆ ಕಾರಣವಿದೆ. ಅದರಲ್ಲಿ ಲಿಂಕ್ ಇಲ್ಲ, ಹಣದ ಮಾತಿಲ್ಲ, ಸುಳ್ಳೆಂದು ಬೆರಳು ಮಾಡಿ ತೋರಿಸಲು ಏನೂ ಇಲ್ಲ. ದೂರು ಕೊಡೋಣವೆಂದರೂ ‘ಹಾಯ್ ಎಂದರು’ ಎಂದು ದೂರುವುದು ಹೇಗೆ ಎಂದು ಜನ ಸುಮ್ಮನಾಗುತ್ತಾರೆ. ಒಂದೇ ಪದವನ್ನು ಸಾವಿರಾರು ನಂಬರುಗಳಿಗೆ ಕಳಿಸಬಹುದು. ಯಾರು ಉತ್ತರಿಸುತ್ತಾರೋ ಅವರ ಮೇಲೆ ಮಾತ್ರ ಸಮಯ ಖರ್ಚು ಮಾಡಿದರಾಯಿತು.

ಆದರೆ ನಮ್ಮ ಜನರ ಒಂದು ಅಭ್ಯಾಸವನ್ನೂ ಮರೆಯಬಾರದು. ನೇರವಾಗಿ ವಿಷಯಕ್ಕೆ ಬರುವುದು ಒರಟುತನ ಎಂದುಕೊಂಡವರು ನಮ್ಮಲ್ಲಿ ಬಹಳ. ಹಾಯ್ ಎಂದು ಹಾಕಿ, ಈ ಕಡೆಯಿಂದ ‘ಹೇಳಿ’ ಎಂದು ಬರುವ ತನಕ ಕಾದು ಕೂರುತ್ತಾರೆ. ಮಗುವಿನ ಶಾಲೆಗೆ ಹೊಸದಾಗಿ ಬಂದ ಟೀಚರ್ ಇರಬಹುದು, ಸಿಮ್ ಬದಲಿಸಿದ ಷಡ್ಡಕ ಇರಬಹುದು, ಮನೆ ಬಾಡಿಗೆಗೆ ಕೇಳುವವರು ಇರಬಹುದು. ಎಲ್ಲ ಹಾಯ್‌ಗಳನ್ನೂ ಕಳ್ಳರ ಲೆಕ್ಕಕ್ಕೆ ಸೇರಿಸಿದರೆ ನಷ್ಟ ನಮಗೇ.

ಆದ್ದರಿಂದ ಬೆರಳು ಆಡಿಸುವ ಮುನ್ನ ಕಣ್ಣಾಡಿಸಿ. ನಂಬರಿನ ಆರಂಭ ನೋಡಿ. +91 ಭಾರತದ್ದು. +84 ವಿಯೆಟ್ನಾಂನದ್ದು, +62 ಇಂಡೋನೇಷ್ಯಾದ್ದು, +251 ಇಥಿಯೋಪಿಯಾದ್ದು. 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ಜನರಿಗೆ ಇಂಥ ನಂಬರುಗಳಿಂದ ಸಾಲುಸಾಲಾಗಿ ಕರೆ, ಸಂದೇಶಗಳು ಬಂದು ದೊಡ್ಡ ಸುದ್ದಿಯಾಗಿತ್ತು. ಆ ದೇಶದಲ್ಲಿ ನಿಮಗೆ ಮಗನಿಲ್ಲ, ಸೊಸೆಯಿಲ್ಲ, ವ್ಯವಹಾರವಿಲ್ಲ ಎಂದಾದರೆ ಉತ್ತರದ ಪ್ರಶ್ನೆಯೇ ಇಲ್ಲ. ಆದರೆ +91 ಎಂದಿದ್ದ ಮಾತ್ರಕ್ಕೆ ನಂಬುವಂತಿಲ್ಲ; ಭಾರತದ ಸಿಮ್‌ಗಳೂ ಮೋಸಗಾರರ ಕೈಗೆ ಸಿಗುತ್ತವೆ. ಚಾಟ್ ತೆರೆದರೆ, ಆ ನಂಬರಿನೊಡನೆ ನಿಮಗೆ ಸಮಾನವಾದ ಗುಂಪು ಇದೆಯೇ ಎಂಬುದನ್ನೂ ವಾಟ್ಸ್‌ಆ್ಯಪ್ ತೋರಿಸುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಗುಂಪೋ ಶಾಲೆಯ ಗುಂಪೋ ಅಲ್ಲಿ ಕಂಡರೆ ಅರ್ಧ ಗುರುತು ಸಿಕ್ಕಂತೆ. ಪ್ರೊಫೈಲ್ ಚಿತ್ರವನ್ನು ಮಾತ್ರ ಸಾಕ್ಷಿಯೆಂದು ಹಿಡಿಯಬೇಡಿ. ಯಾರ ಫೋಟೊವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಇಷ್ಟು ನೋಡಿದ ಮೇಲೆ ಸ್ವಲ್ಪ ಕಾಯುವುದು ಒಳ್ಳೆಯದು. ನಿಜವಾಗಿ ಕೆಲಸವಿದ್ದವರು ಸಂಜೆಯೊಳಗೆ ಎರಡನೆಯ ಸಾಲು ಬರೆಯುತ್ತಾರೆ, ಇಲ್ಲವೇ ಕರೆ ಮಾಡುತ್ತಾರೆ.

ಕಾಯಲಾಗದು, ಉತ್ತರಿಸಲೇಬೇಕು ಎಂದಿದ್ದರೆ ಒಂದೇ ಸಾಲು ಸಾಕು: ‘ನಮಸ್ಕಾರ. ನಿಮ್ಮ ಹೆಸರು ಮತ್ತು ವಿಷಯ ತಿಳಿಸಿ.’ ಇದರಲ್ಲಿ ನಿಮ್ಮ ಹೆಸರಿಲ್ಲ, ಊರಿಲ್ಲ, ಊಹೆಯೂ ಇಲ್ಲ. ಊಹೆಯಿಲ್ಲ ಎಂಬುದೇ ಮುಖ್ಯ. ನನ್ನ ಪ್ರಕಾರ ಹಾಯ್‌ನ ಮೋಸದಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹಾಸನದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಅವರಿಗೆ ಹಾಯ್ ಬಂತು. ‘ಯಾರು?’ ಎಂದು ಕೇಳಿದರು. ‘ಏನತ್ತೆ, ಗುರುತೇ ಸಿಗಲಿಲ್ಲವಾ? ಇಷ್ಟು ಬೇಗ ಮರೆತುಬಿಟ್ಟಿರಾ?’ ಎಂದು ಬಂತು. ಆ ‘ಅತ್ತೆ’ ಎಂಬ ಪದ ನೋಡಿ. ವಯಸ್ಸಾದ ಹೆಂಗಸಿನ ಪ್ರೊಫೈಲ್ ಚಿತ್ರ ನೋಡಿದ ಯಾರಾದರೂ ಅದನ್ನು ಬರೆಯಬಹುದು. ನಮ್ಮ ನಾಡಿನಲ್ಲಿ ಒಬ್ಬ ಅಳಿಯನೋ ಸೋದರಳಿಯನೋ ಇಲ್ಲದ ಮನೆ ಕಡಿಮೆ. ಮರೆತೆ ಎನ್ನಿಸಿಕೊಳ್ಳಲು ಶಿಕ್ಷಕಿಗೆ ಸಂಕೋಚ. ‘ದುಬೈಯಿಂದ ಬಂದೆಯಾ, ಕಿರಣನಾ?’ ಎಂದು ಬರೆದರು. ಅಲ್ಲಿಗೆ ಮುಗಿಯಿತು. ‘ಹೌದತ್ತೆ, ಕಿರಣನೇ. ಹಳೆಯ ಫೋನ್ ನೀರಿಗೆ ಬಿತ್ತು, ಇದು ಹೊಸ ನಂಬರ್, ಸೇವ್ ಮಾಡಿಕೊಳ್ಳಿ’ ಎಂಬ ಉತ್ತರ ಬರುತ್ತದೆ. ಹೆಸರು, ದುಬೈ, ಎರಡನ್ನೂ ಕೊಟ್ಟವರು ಶಿಕ್ಷಕಿಯೇ. ಆತ ಒಂದನ್ನೂ ಹೇಳಿರಲಿಲ್ಲ. ಮರುದಿನ ಕಿರಣನಿಗೆ ವಿಮಾನ ನಿಲ್ದಾಣದಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ, ಒಂದು ನಂಬರಿಗೆ ಮೂವತ್ತು ಸಾವಿರ ಹಾಕಬೇಕಾಗುತ್ತದೆ.

ಇದಕ್ಕೆ ಮದ್ದು ಸರಳ. ಹೆಸರು ಅವರ ಬಾಯಿಂದಲೇ ಬರಬೇಕು. ‘ಗುರುತು ಸಿಗಲಿಲ್ಲವಾ’ ಎಂದರೆ ‘ಸಿಗಲಿಲ್ಲ, ಹೇಳಿ’ ಎನ್ನಿ. ಹೆಸರು ಹೇಳಿದರೂ ಸಾಲದು. ನಿಮ್ಮ ಬಳಿಯಿರುವ ಆ ವ್ಯಕ್ತಿಯ ಹಳೆಯ ನಂಬರಿಗೆ ಸಾಮಾನ್ಯ ಫೋನ್ ಕರೆ ಮಾಡಿ. ಅದು ಹತ್ತದಿದ್ದರೆ ಅವರ ಹೆಂಡತಿಗೋ ಅಣ್ಣನಿಗೋ ಮಾಡಿ. ಹೊಸ ನಂಬರಿನಲ್ಲಿಯೇ ಪರೀಕ್ಷೆ ಮಾಡುವುದಾದರೆ ಫೇಸ್‌ಬುಕ್‌ನಲ್ಲಿ ಸಿಗದ ಪ್ರಶ್ನೆ ಕೇಳಿ: ‘ಕಳೆದ ಸಲ ಬಂದಾಗ ಹಿತ್ತಲಿನಿಂದ ಏನು ಕಿತ್ತುಕೊಂಡು ಹೋದೆ?’ ನಿಜವಾದ ಸೋದರಳಿಯನಾದರೆ ನಕ್ಕು ಉತ್ತರಿಸುತ್ತಾನೆ. ಮೋಸಗಾರ ಸಿಟ್ಟಾಗುತ್ತಾನೆ, ‘ನನ್ನ ಮೇಲೆ ನಂಬಿಕೆಯಿಲ್ಲವಾ’ ಎನ್ನುತ್ತಾನೆ, ಇಲ್ಲವೇ ಅವಸರ ಮಾಡುತ್ತಾನೆ.

ಇನ್ನೊಂದು ಬಗೆಯಿದೆ, ಅದು ನೆಂಟರ ವೇಷ ಹಾಕುವುದಿಲ್ಲ. ‘ಕ್ಷಮಿಸಿ, ನಂಬರ್ ತಪ್ಪಾಯಿತು’ ಎನ್ನುತ್ತದೆ, ಆದರೆ ಹೋಗುವುದಿಲ್ಲ. ‘ಪರವಾಗಿಲ್ಲ’ ಎಂದರೆ ‘ನೀವು ಬಹಳ ಒಳ್ಳೆಯವರು, ಯಾವ ಊರು?’ ಎಂದು ಮುಂದುವರಿಯುತ್ತದೆ. ವಾರಗಟ್ಟಲೆ ಊಟ ಆಯಿತಾ, ಮಳೆ ಬಂತಾ ಎಂಬ ಮಾತು. ಆಮೇಲೆ ಎಂದೋ ಒಂದು ದಿನ ಷೇರಿನ ಲಾಭದ ಮಾತು, ಒಂದು ಆ್ಯಪ್, ಅದರಲ್ಲಿ ಕಾಣುವ ಸುಳ್ಳು ಲಾಭ. ಈ ದಂಧೆಯ ದೊಡ್ಡ ಅಡ್ಡೆಗಳು ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿವೆ. ಅಲ್ಲಿ ಕುಳಿತು ಹಾಯ್ ಬರೆಯುವವರೆಲ್ಲ ಸ್ವಂತ ಇಚ್ಛೆಯಿಂದ ಕುಳಿತವರಲ್ಲ. ಕೆಲಸದ ಆಸೆ ತೋರಿಸಿ ಕರೆದೊಯ್ದು ಕೂಡಿಹಾಕಿದ ನಮ್ಮ ದೇಶದ ಹುಡುಗರೂ ಅವರಲ್ಲಿದ್ದರು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ನೂರಾರು ಜನರನ್ನು ವಾಪಸು ಕರೆತಂದಿತು. ಆ ಕಡೆಯಿರುವವನ ಮೇಲೆ ಕನಿಕರ ಪಡಬಹುದು, ಮಾತು ಮುಂದುವರಿಸಬೇಕಾಗಿಲ್ಲ. ನಂಬರ್ ತಪ್ಪಿ ಬಂದವರು ಕ್ಷಮೆ ಕೇಳಿದ ಮೇಲೆ ಹೊರಟುಹೋಗುತ್ತಾರೆ. ಹೋಗದಿದ್ದರೆ ಬ್ಲಾಕ್ ಮಾಡಿ, ಬೈಯುವುದೂ ಬೇಡ. ಬೈಗುಳವೂ ಅವರಿಗೆ ಉತ್ತರವೇ.

ಉತ್ತರಿಸಿದ ಮೇಲೆ ಬರುವ ಬೇಡಿಕೆಗಳಲ್ಲಿ ಎರಡನ್ನು ಯಾವ ಕಾರಣಕ್ಕೂ ಒಪ್ಪಬಾರದು. ‘ತಪ್ಪಿ ನಿಮ್ಮ ಮೊಬೈಲಿಗೆ ಆರು ಅಂಕಿಯ ಒಂದು ಕೋಡ್ ಬಂದಿದೆ, ಸ್ವಲ್ಪ ಕಳಿಸುತ್ತೀರಾ?’ ಎಂಬುದು ಮೊದಲನೆಯದು. ಅದು ತಪ್ಪಿ ಬಂದದ್ದಲ್ಲ. ನಿಮ್ಮ ವಾಟ್ಸ್‌ಆ್ಯಪ್ ಅನ್ನು ತಮ್ಮ ಫೋನಿನಲ್ಲಿ ತೆರೆಯಲು ಅವರೇ ತರಿಸಿದ ಕೋಡ್ ಅದು. ಕೊಟ್ಟರೆ ನಿಮ್ಮ ಹೆಸರಿನಲ್ಲಿ ನಿಮ್ಮ ನೆಂಟರಿಗೆಲ್ಲ ಹಾಯ್ ಹೋಗುತ್ತದೆ, ಆಗ ಅವರಿಗೆ ಅಪರಿಚಿತ ನಂಬರ್ ಎಂಬ ಅನುಮಾನವೂ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಎಂಬಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಂಡಿದ್ದರೆ ಆ ಕೋಡ್ ಒಂದರಿಂದಲೇ ಅವರಿಗೆ ಒಳಗೆ ಬರಲಾಗುವುದಿಲ್ಲ. ಎರಡನೆಯದು ವಿಡಿಯೊ ಕರೆ. ಎತ್ತಿದೊಡನೆ ಆ ಕಡೆ ಅಶ್ಲೀಲ ದೃಶ್ಯ, ಈ ಕಡೆ ನಿಮ್ಮ ಮುಖ, ಎರಡನ್ನೂ ಸೇರಿಸಿ ರೆಕಾರ್ಡ್ ಮಾಡಿ ಬೆದರಿಸುತ್ತಾರೆ. ಅಪರಿಚಿತರ ವಿಡಿಯೊ ಕರೆ ಎತ್ತಬೇಡಿ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ‘ಕಾಲ್ಸ್’ ಎಂಬಲ್ಲಿ ಅಪರಿಚಿತರ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆಯಿದೆ. ನಿಮ್ಮ ಚಿತ್ರ ನಿಮ್ಮ ಪಟ್ಟಿಯಲ್ಲಿರುವವರಿಗೆ ಮಾತ್ರ ಕಾಣುವಂತೆಯೂ ಅಲ್ಲಿಯೇ ಮಾಡಬಹುದು. ಚಿತ್ರ ಕಾಣದಿದ್ದರೆ ‘ಅತ್ತೆ’ ಎನ್ನಲೂ ಅವನು ಯೋಚಿಸಬೇಕಾಗುತ್ತದೆ.

ಇಷ್ಟೆಲ್ಲ ಕೇಳಿ, ಮನೆಯಲ್ಲಿ ಚಕ್ಕುಲಿ ಮಾಡಿ ಮಾರುವವರು, ಬ್ಲೌಸ್ ಹೊಲಿಯುವವರು ‘ನಮಗೆ ಬರುವುದೆಲ್ಲ ಅಪರಿಚಿತ ಹಾಯ್‌ಗಳೇ, ಬಿಟ್ಟರೆ ವ್ಯಾಪಾರವೇ ಇಲ್ಲ’ ಎನ್ನಬಹುದು. ನಿಜ. ಅಂಥವರು ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಂಡು ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಬಳಸಿದರೆ ಒಳ್ಳೆಯದು. ಅದರಲ್ಲಿ ಮೊದಲ ಹಾಯ್‌ಗೆ ತಾನಾಗಿಯೇ ಹೋಗುವ ಸ್ವಾಗತ ಸಂದೇಶವನ್ನು ಬರೆದಿಡಬಹುದು: ‘ನಮಸ್ಕಾರ, ಏನು ಬೇಕು, ಎಷ್ಟು ಬೇಕು, ಯಾವ ದಿನಕ್ಕೆ ಎಂದು ತಿಳಿಸಿ.’ ನಿಜವಾದ ಗಿರಾಕಿ ಎರಡು ಕೆಜಿ ಎಂದು ಬರೆಯುತ್ತಾರೆ. ಬೆಲೆಯನ್ನೂ ಕೇಳದೆ ‘ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರು ಗಿರಾಕಿಗಳಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ಅನುಮಾನ ಗಟ್ಟಿಯಾದರೆ ವಾಟ್ಸ್‌ಆ್ಯಪ್‌ನಲ್ಲಿಯೇ ‘ರಿಪೋರ್ಟ್’ ಒತ್ತಿ. ಆ ನಂಬರಿನಿಂದ ಬಂದ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ, ಕಳಿಸಿದವನಿಗೆ ಅದು ತಿಳಿಯುವುದಿಲ್ಲ. ಹಣ ಹೋಗದಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ‘ಚಕ್ಷು’ ಎಂಬ ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಹಣ ಹೋದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. cybercrime.gov.in ಎಂಬ ತಾಣದಲ್ಲಿಯೂ ದೂರು ಬರೆಯಬಹುದು. ರಿಪೋರ್ಟ್ ಒತ್ತುವಾಗ ಬ್ಲಾಕ್ ಮಾಡಿ ಚಾಟ್ ಅಳಿಸುವ ಆಯ್ಕೆಯೂ ಜೊತೆಗೇ ಇರುತ್ತದೆ. ಚಾಟ್ ಅಳಿದರೆ ಪೊಲೀಸರಿಗೆ ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ಆದ್ದರಿಂದ ಆ ನಂಬರ್ ಕಾಣುವಂತೆ, ಮೊದಲ ಹಾಯ್‌ನಿಂದ ಕೊನೆಯ ಸಾಲಿನವರೆಗೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಆಮೇಲೆ ಬ್ಲಾಕ್ ಮಾಡಿ.

ನಮಸ್ಕಾರ.