ತೊಟ್ಟಿಲ ಫೋಟೋದ ಕೆಳಗೆ

ಕೇಳುಗರೇ, ನಮಸ್ಕಾರ.

ಹೋದ ವರ್ಷ ಆಷಾಢ ಕಳೆದ ಮೇಲೆ ಒಂದು ಸಂಜೆ ನನ್ನ ಅಣ್ಣನ ಮಗ ಫೋನ್ ಮಾಡಿದ. "ಅತ್ತೆ, ಪಾಪುಗೆ ನಾಮಕರಣ ಇಟ್ಕೊಂಡಿದೀವಿ. ಫೋಟೋ ಕೆಳಗೆ ಹಾಕೋಕೆ ಎರಡು ಸಾಲು ಬರ್ಕೊಡಿ. ಅಜ್ಜಿ, ತಾತ, ನಮ್ಮ ಮನೆತನ ಎಲ್ಲಾ ಬರ್ಬೇಕು" ಅಂದ. ಕನ್ನಡ ಮೇಷ್ಟ್ರಾಗಿ ನಿವೃತ್ತಿಯಾದವರಿಗೆ ಇಂಥ ಕೆಲಸ ತಪ್ಪಿದ್ದಲ್ಲ. ಮದುವೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿಯ ಕಾಗದ, ಎಲ್ಲ ನಮ್ಮ ಪಾಲಿಗೇ ಬರುತ್ತವೆ.

ಅವನು ಸುಮ್ನೆ ಕೂತಿರಲಿಲ್ಲ. ಎಲ್ಲಿಂದಲೋ ಒಂದು ಸಾಲು ತೆಗೆದು ಕಳಿಸಿಯೂ ಇದ್ದ. "ನಮ್ಮ ಪುಟ್ಟ ರಾಜಕುಮಾರಿಗೆ ಸ್ವಾಗತ. ಹಿರಿಯರ ಆಶೀರ್ವಾದದೊಂದಿಗೆ, ಪರಂಪರೆಯ ಹೆಮ್ಮೆಯೊಂದಿಗೆ." ನಾನು ಕೇಳಿದೆ, "ಯಾವ ಹಿರಿಯರಪ್ಪ? ಯಾವ ಪರಂಪರೆ?" ಅವನು ನಕ್ಕ. ಆಲೂರು ತಾಲ್ಲೂಕಿನ ಒಂದು ಹಳ್ಳಿಯ ಮನೆ ನಮ್ಮದು. ಭತ್ತ, ಒಂದಿಷ್ಟು ಕಾಫಿ. ರಾಜನೂ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಆ ಸಾಲನ್ನು ಹಾಸನ ಜಿಲ್ಲೆಯ ಯಾವ ಮಗುವಿನ ಫೋಟೋ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಅಜ್ಜಿ ತಾತನಿಗೆ ಮರ್ಯಾದೆ ಕೊಡಬೇಕು ಅಂದರೆ ಅವರ ಹೆಸರಾದರೂ ಅಲ್ಲಿ ಇರಬೇಕಲ್ವಾ?

ಇದೊಂದೇ ಫೋಟೋ, ಇದೊಂದೇ ಬರಹದ ಕತೆಯನ್ನು ಇವತ್ತು ಹೇಳುತ್ತೇನೆ. ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ, ಉಳಿದದ್ದೆಲ್ಲ ನಡೆದ ಹಾಗೇ.

ಮಗುವಿಗೆ ಇಡಲು ಗೊತ್ತು ಮಾಡಿದ್ದ ಹೆಸರು ಗೌರಿ. ನನ್ನ ಅವ್ವನ ಹೆಸರು ಪುಟ್ಟಗೌರಮ್ಮ. ಅವಳು ಈ ಮಗುವಿಗೆ ಮುತ್ತಜ್ಜಿ. ಆದರೆ ಮಗು ಹುಟ್ಟಿದ್ದು ರೋಹಿಣಿ ನಕ್ಷತ್ರದ ಮೂರನೆಯ ಪಾದದಲ್ಲಿ. ರೋಹಿಣಿಯ ನಾಲ್ಕು ಪಾದಕ್ಕೆ ಓ, ವಾ, ವಿ, ವು ಅಂತ ನಾಲ್ಕು ಅಕ್ಷರ. ಮೂರನೆಯದು ವಿ. ಗ ಎಲ್ಲಿಂದ ಬರಬೇಕು? ಒಂದು ವಾರ ಮನೆಯಲ್ಲಿ ಇದೇ ಮಾತು. ಕೊನೆಗೆ ಜೋಯಿಸರೇ ದಾರಿ ತೋರಿಸಿದರು. ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇರಬಹುದು. ಹಾಗಾಗಿ ವಿಜಯಾ ಅಂತ ನಕ್ಷತ್ರನಾಮ, ಗೌರಿ ಅಂತ ವ್ಯಾವಹಾರಿಕ ನಾಮ. ಎರಡನ್ನೂ ಅಕ್ಕಿಯ ತಟ್ಟೆಯಲ್ಲಿ ಚಿನ್ನದ ಉಂಗುರದಿಂದ ಬರೆಯುವುದು ಅಂತ ಆಯಿತು. ಬರಹದಲ್ಲಿ ಮಾತ್ರ ಒಂದೇ ಹೆಸರು ಸಾಕು ಅಂದೆ. ಎರಡೂ ಹಾಕಿದರೆ ನೋಡಿದವರು "ಯಾವುದು ಖಾಯಂ?" ಅಂತ ಕೇಳುತ್ತಾರೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದಲ್ಲ, ಅದರೊಳಗೇ ಒಂದು ಮನೆತನ ಕೂತಿರುತ್ತದೆ. ನಮ್ಮ ಜಿಲ್ಲೆಯ ಎಚ್.ಡಿ. ದೇವೇಗೌಡರನ್ನೇ ನೋಡಿ. ಹರದನಹಳ್ಳಿ ಊರು, ದೊಡ್ಡೇಗೌಡ ತಂದೆ. ಎರಡೇ ಅಕ್ಷರದಲ್ಲಿ ಊರೂ ಬಂತು, ಅಪ್ಪನೂ ಬಂದ. ಅವ್ವ ಬರಲಿಲ್ಲ, ಅಜ್ಜಿಯಂತೂ ಇಲ್ಲವೇ ಇಲ್ಲ. ಕಂದಾಯದ ಹಳೇ ಕಾಗದದಲ್ಲೂ ಅಷ್ಟೇ. ಗಂಡಸಾದರೆ 'ಬಿನ್' ಅಂತ ಬರೆದು ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ 'ಕೋಂ' ಅಂತ ಬರೆದು ಗಂಡನ ಹೆಸರು. ಹಾಗಾಗಿ ಅಜ್ಜಿಯ ಹೆಸರು ಮುಂದೆ ಸಾಗಬೇಕಾದರೆ ಮಗುವಿನ ಹೆಸರೊಳಗೇ ಸಾಗಬೇಕು, ಇಲ್ಲವೇ ಇಂಥ ಫೋಟೋ ಕೆಳಗಿನ ಬರಹದಲ್ಲಿ. ಆ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬಾರದೇ ಇದ್ದದ್ದಕ್ಕೆ ಇದೇ ಕಾರಣ.

ಬರೆಯುವ ಮೊದಲು ಹೆಸರು ಸರಿಯಾಗಿ ಗೊತ್ತಿರಬೇಕು. ನನ್ನ ಅವ್ವನ ಹೆಸರು ನನಗೆ ಗೊತ್ತಿಲ್ಲವೇ ಅಂತ ನೀವು ಕೇಳಬಹುದು. ಪಹಣಿಯಲ್ಲಿ ಅವಳು ಗೌರಮ್ಮ. ರೇಷನ್ ಕಾರ್ಡಿನಲ್ಲಿ ಪುಟ್ಟಮ್ಮ. ಊರಿನವರ ಬಾಯಲ್ಲಿ ಗೌರವ್ವ. ಅಣ್ಣನನ್ನು ಕೇಳಿದೆ. "ಅವ್ವನ ಅತ್ತೆ ಹೆಸರೂ ಗೌರಮ್ಮನೇ ಕಣವ್ವ. ಅದಕ್ಕೇ ಇವಳಿಗೆ ಪುಟ್ಟ ಸೇರಿಸಿದ್ದು" ಅಂದ. ನನಗೆ ಅರವತ್ತು ದಾಟಿದ ಮೇಲೆ ಗೊತ್ತಾದ ಸಂಗತಿ ಇದು. ಪುಟ್ಟಗೌರಮ್ಮ ಅಂತಲೇ ಬರೆಯುವುದು ಅಂತ ತೀರ್ಮಾನವಾಯಿತು. ಆ 'ಪುಟ್ಟ'ದೊಳಗೆ ಇನ್ನೊಬ್ಬ ಗೌರಮ್ಮ ಇದ್ದಾಳೆ.

ಇನ್ನು ತೊಟ್ಟಿಲು. ಅಣ್ಣನ ಮಗ ತನ್ನ ಎರಡನೆಯ ಪ್ರಯತ್ನದಲ್ಲಿ "ನೂರು ವರ್ಷದ ತೊಟ್ಟಿಲಿನಲ್ಲಿ" ಅಂತ ಬರೆದಿದ್ದ. ಅಟ್ಟದ ಮೇಲಿದ್ದ ಹಲಸಿನ ಮರದ ತೊಟ್ಟಿಲು ಅದು. ನೋಡಲು ನೂರಾಗಿದೆ ಅನ್ನಿಸುತ್ತದೆ ನಿಜ. ಆದರೆ ಅದನ್ನು ಮಾಡಿಸಿದ್ದು ಅಣ್ಣ ಹುಟ್ಟಿದಾಗ. ಅಣ್ಣನಿಗೆ ಈಗ 68. ಅವನು ಎದುರಿಗೇ ಕೂತಿರುವಾಗ ತೊಟ್ಟಿಲಿಗೆ ನೂರು ಅಂದರೆ ಜನ ನಗುವುದಿಲ್ಲವೇ? ವಯಸ್ಸು ಬಿಟ್ಟು, ಅದನ್ನು ಯಾರು ತೂಗಿದರು ಅಂತ ಹೇಳು ಅಂದೆ. ತೂಗಿದ್ದು ಅವ್ವ. ನಾವು ಐದೂ ಮಕ್ಕಳು ಅದರಲ್ಲೇ ಮಲಗಿದವರು.

ಹಳೇ ಹಗ್ಗ ಇಲಿ ಕಡಿದು ಹೋಗಿತ್ತು. ಅಣ್ಣನೇ ಹೊಸ ಹಗ್ಗ ತಂದು, ನಡುಮನೆಯ ತೊಲೆಗೆ ಕಟ್ಟಿ, ಗುಂಡುಕಲ್ಲು ಮಲಗಿಸಿ ತೂಗಿ ನೋಡಿದ. ಮಗುವಿಗಿಂತ ಮುಂಚೆ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ಶಾಸ್ತ್ರ. ಹಗ್ಗ ತಡೆಯುತ್ತದೋ ಇಲ್ಲವೋ ಅಂತಲೂ ಅದರಿಂದಲೇ ಗೊತ್ತಾಗುತ್ತದೆ.

ಹೀಗೆ ನಮ್ಮ ಕಡೆಯದೇ ತುಂಬಿತು. ಸೊಸೆಯ ತವರು ಸಕಲೇಶಪುರ. ಬಾಣಂತನ ಮಾಡಿದ್ದೆಲ್ಲ ಅವರು. ನಾಮಕರಣದ ಬರಹಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. ಅಪ್ಪನ ಕಡೆಯ ಅಜ್ಜಿ ತಾತನ ಹೆಸರು ಹಾಕಿ, ಅಮ್ಮನ ಕಡೆಯವರನ್ನು "ಮತ್ತು ಕುಟುಂಬದವರು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಬೀಗರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ಆ ಫೋಟೋ ಅವರ ಮನೆಯ ಗೋಡೆಗೆ ಏರುವುದೂ ಇಲ್ಲ. ನಾನು ಸೊಸೆಗೆ ಫೋನ್ ಮಾಡಿ, "ನಿಮ್ಮಮ್ಮ ಮಗುವಿಗೆ ಅಂತ ಕೈಯಾರೆ ಏನು ಮಾಡಿದ್ರಮ್ಮ?" ಅಂತ ಕೇಳಿದೆ. "ಕುಲಾವಿ ಹೊಲಿದಿದಾರೆ ಅತ್ತೆ, ನನ್ನ ಸೀಮಂತದ ಸೀರೆ ಸೆರಗಲ್ಲಿ" ಅಂದಳು. ನನಗೆ ಬೇಕಾಗಿದ್ದದ್ದು ಸಿಕ್ಕಿತು.

ಕೊನೆಗೆ ಆದ ಬರಹ ಇದು. ನಿಧಾನವಾಗಿ ಓದುತ್ತೇನೆ.

"ಗೌರಿ. ಮುತ್ತಜ್ಜಿ ಪುಟ್ಟಗೌರಮ್ಮನವರ ಹೆಸರು, ಅವರೇ ತೂಗಿದ ತೊಟ್ಟಿಲು. ಹಗ್ಗ ತಾತ ಕಟ್ಟಿದ್ದು. ಕುಲಾವಿ ಸಕಲೇಶಪುರದ ಅಜ್ಜಿ ಹೊಲಿದದ್ದು."

ಇಷ್ಟೇ. ಆಶೀರ್ವಾದ ಅನ್ನುವ ಮಾತು ಇದರಲ್ಲಿ ಇಲ್ಲ. ಅವ್ವ ತೀರಿಕೊಂಡು ಹನ್ನೊಂದು ವರ್ಷ. ಅಣ್ಣನ ಮಗ ಹೆಸರಿನ ಮುಂದೆ 'ದಿವಂಗತ' ಹಾಕಬೇಕೋ ಬೇಡವೋ ಅಂತ ಕೇಳಿದ. ಆಮಂತ್ರಣ ಪತ್ರಿಕೆಯಲ್ಲಿ 'ದಿ.' ಅಂತ ಹಾಕುವುದು ರೂಢಿ, ಇರಲಿ. ತೊಟ್ಟಿಲ ಫೋಟೋ ಕೆಳಗೆ ನನಗೆ ಅದು ಬೇಡ ಅನ್ನಿಸಿತು. ಮುತ್ತಜ್ಜಿ ಅಂದರೇ ಕಾಲ ತಿಳಿಯುತ್ತದೆ, 'ತೂಗಿದ' ಅಂದರೆ ಆಗಿಹೋದದ್ದು ಅಂತಲೂ ತಿಳಿಯುತ್ತದೆ. ಮನೆಯಲ್ಲಿ ನಾವು ಅವಳನ್ನು ಏಕವಚನದಲ್ಲೇ ಕರೆದವರು. ಆದರೂ ಬೀಗರೂ ನೆಂಟರೂ ಓದುವಂಥದ್ದು ಅಂತ 'ನವರ' ಸೇರಿಸಿದೆ. ಬರೆಯುವಾಗ ಕೈಗೆ ಒಂಥರಾ ಆಯಿತು.

ಹುಟ್ಟಿದ ದಿನ, ಗಂಟೆ, ನಕ್ಷತ್ರ, ಆಸ್ಪತ್ರೆ ಅಂತ ಅವನು ಇನ್ನೊಂದು ಸಾಲು ಸೇರಿಸಲು ಹೊರಟಿದ್ದ. ಬೇಡ ಅಂದೆ. ಗೋಡೆಯ ಮೇಲಿನ ಫೋಟೋಗೆ ಬೇಕಾದರೆ ಹಾಕಿಕೊಳ್ಳಲಿ. ಫೋನಿನಲ್ಲಿ ಹಾಕಿದ್ದು ಯಾರ ಯಾರ ಕೈಗೆ ಹೋಗುತ್ತದೋ ಹೇಳೋಕಾಗಲ್ಲ. ಜಾತಕ ಬರೆಯುವಷ್ಟು ವಿವರ ಊರಿಗೆಲ್ಲ ಯಾಕೆ ಕೊಡಬೇಕು?

ಸಮಾರಂಭ ನಡೆದದ್ದು ಆಲೂರಿನ ಒಂದು ಸಮುದಾಯ ಭವನದಲ್ಲಿ. ಅಲ್ಲಿ ವೇದಿಕೆ ಮೇಲೆ ಬಾಡಿಗೆ ತೊಟ್ಟಿಲು, ಸೇವಂತಿಗೆ ಹೂವಿನ ಅಲಂಕಾರ, ಬಣ್ಣದ ದೀಪ. ಮನೆಯ ತೊಟ್ಟಿಲಿಗೆ ಮಗುವನ್ನು ಹಾಕಿದ್ದು ಬೆಳಿಗ್ಗೆ, ಮನೆಯವರಷ್ಟೇ ಇದ್ದಾಗ. ಫೋಟೋದವನು ಚಂದ ಬಂದಿದೆ ಅಂತ ವೇದಿಕೆಯ ಫೋಟೋ ಆರಿಸಿ, ಅದರ ಕೆಳಗೆ ನಮ್ಮ ಬರಹ ಕೂರಿಸಿ ಕಳಿಸಿದ. ಹೂವಿನ ತೊಟ್ಟಿಲ ಕೆಳಗೆ "ಅವರೇ ತೂಗಿದ ತೊಟ್ಟಿಲು" ಅಂತ ಇದೆ! ಬೆಳಿಗ್ಗೆಯದನ್ನೇ ಹಾಕಿಸಿದೆವು. ನಡುಮನೆಯ ಕತ್ತಲು, ಬೆಳಕು ಕಿಟಕಿಯ ಕಡೆಯಿಂದ ಮಾತ್ರ. ಆದರೂ ತೊಲೆ, ಹಗ್ಗ, ಕುಲಾವಿ ಮೂರೂ ಕಾಣುತ್ತವೆ.

ಅದಕ್ಕಿಂತ ದೊಡ್ಡ ಎಡವಟ್ಟು ಅಕ್ಷರದ್ದು. ಅಚ್ಚು ಹಾಕುವ ಮುಂಚೆ ಬಂದ ಮಾದರಿಯಲ್ಲಿ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡಿದ್ದವು. ಮುತ್ತಜ್ಜಿ ಹೋಗಿ 'ಮುತ್‌ತಜ್‌ಜಿ' ಆಗಿದ್ದಳು. ನಮ್ಮ ಬರಹದಲ್ಲಿ ಎಷ್ಟು ಒತ್ತು ಇವೆ ನೋಡಿ: ಮುತ್ತಜ್ಜಿ, ಪುಟ್ಟಗೌರಮ್ಮ, ತೊಟ್ಟಿಲು, ಹಗ್ಗ, ಕಟ್ಟಿದ್ದು, ಅಜ್ಜಿ, ಹೊಲಿದದ್ದು. ಅಜ್ಜಿ ಅಜ್ಜನ ವಿಷಯ ಬರೆದರೆ ಒತ್ತು ತಪ್ಪಿಸಿಕೊಳ್ಳಲಾಗದು. ಕಾರಣ ಇಷ್ಟೇ. ಫೋನಿನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್ ಅಕ್ಷರ. ಫೋಟೋ ಜೋಡಿಸುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕದಿದ್ದರೆ ಅಕ್ಷರ ಕೂಡಿಕೊಳ್ಳುವುದಿಲ್ಲ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಳೇ ನಮೂನೆಯ ಫಾಂಟಿಗೆ ಹಾಗೇ ಅಂಟಿಸಿದರಂತೂ ಅಕ್ಷರದ ಬದಲು ಖಾಲಿ ಚೌಕಗಳು ಬರುವುದೂ ಉಂಟು. ಫೋಟೋದ ಹುಡುಗ ಕನ್ನಡ ಓದುವವನೇ, ಆದರೆ ನೋಡಿರಲಿಲ್ಲ. ಸೆಟ್ಟಿಂಗ್ ಬದಲಿಸಿ ಮತ್ತೆ ಕಳಿಸಿದ. ನಾನು ಫೋನಿನ ಬರಹ ಒಂದು ಕಡೆ, ಮಾದರಿ ಒಂದು ಕಡೆ ಇಟ್ಟುಕೊಂಡು, ಸಾಲಿಗಿಂತ ಮೊದಲು ಒತ್ತುಗಳನ್ನೇ ಒಂದೊಂದಾಗಿ ನೋಡಿದೆ. ಅಚ್ಚಾಗಿ ಚೌಕಟ್ಟು ಹಾಕಿಸಿದ ಮೇಲೆ ಯಾರೂ ತಿದ್ದಲಾರರು.

ಚೌಕಟ್ಟು ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಅಣ್ಣ ಕನ್ನಡಕ ಹುಡುಕುತ್ತಿದ್ದ. ಮಗು ಅತ್ತಿಗೆಯ ತೊಡೆಯ ಮೇಲಿತ್ತು. ಅತ್ತಿಗೆ ಈ ಮನೆಗೆ ಬಂದು ನಲವತ್ತು ವರ್ಷದ ಮೇಲಾಯಿತು, ಒಂದು ದಿನವೂ ಅತ್ತೆಯ ಹೆಸರು ಬಾಯಲ್ಲಿ ಆಡಿದವರಲ್ಲ. ಮಗುವಿಗೆ ಗೌರಿ ಅಂತ ಇಟ್ಟಾಗಿನಿಂದ ಅವರು ಕರೆಯುವುದು "ಪುಟ್ಟಿ" ಅಂತ. "ಅತ್ತೆ ಹೆಸರು ಹಿಡಿದು ಮಗಾನ ಗದರೋದು ಹೆಂಗೆ?" ಅನ್ನುತ್ತಾರೆ. ನಾನು ಚೌಕಟ್ಟು ಅವರ ಮುಂದೆ ಹಿಡಿದು, "ಓದಿ ಅತ್ತಿಗೆ" ಅಂದೆ. ಅವರು ಬೆರಳಿಟ್ಟು ಓದಿದರು.

"ಪುಟ್ಟಿ. ಮುತ್ತಜ್ಜಿ... ನಮ್ಮತ್ತೆಯವರ ಹೆಸರು, ಅವರೇ ತೂಗಿದ ತೊಟ್ಟಿಲು."

ನಮಸ್ಕಾರ.