ಹೆಚ್ಚು ಬಾರಿ ಬಂದ ಹತ್ತು ಪದಗಳು: ಹೀಪ್‌ನ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ. 10 ಕೋಟಿ ಪದಗಳ ಪಠ್ಯವೊಂದರಲ್ಲಿ 10 ಲಕ್ಷ ಬೇರೆ ಬೇರೆ ಪದಗಳಿದ್ದು, ಅವುಗಳಲ್ಲಿ ಅತಿ ಹೆಚ್ಚು ಬಾರಿ ಬಂದ 10 ಪದಗಳನ್ನು ಹುಡುಕಬೇಕಾಗಿದೆ ಎಂದಿಟ್ಟುಕೊಳ್ಳೋಣ. ಪಠ್ಯವನ್ನು ಒಮ್ಮೆ ಪೂರ್ತಿ ಓದಿ, ಪ್ರತಿ ಪದದ ಎಣಿಕೆಯನ್ನು, ಪದ ಕೊಟ್ಟೊಡನೆ ಅದರ ಎಣಿಕೆ ಸಿಗುವಂಥ ಹ್ಯಾಷ್ ಟೇಬಲಿನಲ್ಲಿ ಬರೆದಿಡುವ ಕೆಲಸ ಯಾವ ವಿಧಾನಕ್ಕೂ ತಪ್ಪಿದ್ದಲ್ಲ. ವ್ಯತ್ಯಾಸವಿರುವುದು ಆಮೇಲಿನ ಆಯ್ಕೆಯಲ್ಲಿ.

ಎಲ್ಲ ಪದಗಳನ್ನೂ ಎಣಿಕೆಯ ಇಳಿಕೆ ಕ್ರಮದಲ್ಲಿ ಜೋಡಿಸಿ ಮೊದಲ ಹತ್ತನ್ನು ತೆಗೆದುಕೊಳ್ಳಬಹುದು. ಇದಕ್ಕೆ ಸುಮಾರು 2 ಕೋಟಿ ಹೋಲಿಕೆಗಳು ಬೇಕು; ನಮಗೆ ಬೇಡವಾದ ಲಕ್ಷಾಂತರ ಪದಗಳೂ ಅದರಲ್ಲಿ ಅಚ್ಚುಕಟ್ಟಾಗಿ ಸಾಲುಗೊಳ್ಳುತ್ತವೆ.

ಅತಿ ದೊಡ್ಡದು ಇಲ್ಲವೇ ಅತಿ ಚಿಕ್ಕದು ಸದಾ ತುದಿಯಲ್ಲಿರುವಂತೆ ಅಂಶಗಳನ್ನು ಇಟ್ಟುಕೊಳ್ಳುವ ರಚನೆಯಾದ ಹೀಪ್ ಈ ವ್ಯರ್ಥ ಶ್ರಮವನ್ನು ಉಳಿಸುತ್ತದೆ. ಹತ್ತೇ ಸ್ಥಾನಗಳಿರುವ ಹೀಪ್ ಇಟ್ಟುಕೊಂಡು, ಅದರ ತುದಿಯಲ್ಲಿ ಅತಿ ದೊಡ್ಡ ಎಣಿಕೆಯನ್ನಲ್ಲ, ಅತಿ ಚಿಕ್ಕದನ್ನು ಇಡಬೇಕು. ಹೊರಗೆ ಹೋಗಬೇಕಾದವರು ಯಾರೆಂಬುದೇ ಇಲ್ಲಿನ ಪ್ರಶ್ನೆಯಾದ್ದರಿಂದ, ಒಳಗಿರುವವರಲ್ಲಿ ಅತಿ ದುರ್ಬಲರು ಸದಾ ಕಣ್ಣೆದುರಿಗಿರಬೇಕು. ಮೂರೇ ಸ್ಥಾನಗಳಿವೆಯೆಂದೂ, ಮೊದಲು ಬಂದ ಎಣಿಕೆಗಳು 9, 4 ಮತ್ತು 7 ಎಂದೂ ಭಾವಿಸಿದರೆ ತುದಿಯಲ್ಲಿ 4 ಇರುತ್ತದೆ. ಮುಂದೆ ಬಂದ 2 ಅದಕ್ಕಿಂತ ಚಿಕ್ಕದು. ಒಂದೇ ಹೋಲಿಕೆಯಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. ಬಳಿಕ 5 ಬಂದಾಗ 4 ಹೊರಬೀಳುತ್ತದೆ, ತುದಿಗೆ 5 ಬರುತ್ತದೆ.

ಈ ವಿಧಾನದ ನಿಜವಾದ ಲಾಭವಿರುವುದು ಆ ತಿರಸ್ಕಾರದಲ್ಲಿ. ಪದಗಳು ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಬಂದರೆ, 10 ಲಕ್ಷ ಪದಗಳಲ್ಲಿ ಮೊದಲ ಹತ್ತರ ನಂತರ ಹೀಪ್ ಬದಲಾಗುವುದು ಸರಾಸರಿ 115 ಬಾರಿ ಮಾತ್ರ; ಉಳಿದವೆಲ್ಲ ಬಾಗಿಲಿನಿಂದಲೇ ಹಿಂದಿರುಗುತ್ತವೆ. ಎಣಿಕೆಗಳು ಏರಿಕೆ ಕ್ರಮದಲ್ಲೇ ಬಂದರೆ ಮಾತ್ರ ಪ್ರತಿಯೊಂದೂ ಒಳಹೊಕ್ಕು ಕೆಲಸ ಹೆಚ್ಚುತ್ತದೆ. ಹತ್ತರ ಬದಲು ಬಹುಪಾಲು ಪದಗಳೇ ಬೇಕಾಗಿದ್ದರೆ ಎಲ್ಲವನ್ನೂ ಕ್ರಮವಾಗಿ ಜೋಡಿಸುವುದೇ ಸರಳ.

ಇನ್ನೊಂದು ದಾರಿಯಾದ ಬಕೆಟ್ ವಿಧಾನದಲ್ಲಿ ಪ್ರತಿ ಎಣಿಕೆಗೂ ಒಂದು ಬಕೆಟ್ ಇಟ್ಟು, ಪದಗಳನ್ನು ಅವುಗಳಲ್ಲಿ ಹಾಕಿ, ಮೇಲಿನಿಂದ ಕೆಳಗೆ ಓದುತ್ತಾರೆ. ಇಲ್ಲಿ ಪದಗಳನ್ನು ಒಂದಕ್ಕೊಂದು ಹೋಲಿಸುವ ಅಗತ್ಯವೇ ಇಲ್ಲ. ಕಾಗದದ ಮೇಲೆ ಇದೇ ಅತಿ ವೇಗದ್ದು. ಆದರೆ ಪಠ್ಯದ ಉದ್ದಕ್ಕೆ ತಕ್ಕಂತೆ 10 ಕೋಟಿ ಬಕೆಟ್‌ಗಳನ್ನಿಟ್ಟರೆ ಅವುಗಳಲ್ಲಿ ತುಂಬುವಂಥವು 14,141ನ್ನು ಮೀರಲಾರವು, ಏಕೆಂದರೆ ಅದಕ್ಕಿಂತ ಹೆಚ್ಚು ಭಿನ್ನ ಎಣಿಕೆಗಳಿದ್ದರೆ ಅವುಗಳ ಮೊತ್ತವೇ 10 ಕೋಟಿಯನ್ನು ದಾಟುತ್ತದೆ. ಪಠ್ಯ ಚಿಕ್ಕದಾಗಿದ್ದರೆ ಇದು ತೊಂದರೆಯಲ್ಲ. ದೊಡ್ಡದಾದಾಗ ಖಾಲಿ ಜಾಗಕ್ಕೇ ಸ್ಮೃತಿಕೋಶ ಸಾಲದಾಗುತ್ತದೆ.

ಹೀಪ್ ಬಳಸುವವರು ಎಡವುವುದು ಹೆಚ್ಚಾಗಿ ಎಣಿಕೆ ಮುಗಿಯುವ ಮೊದಲೇ ಪದಗಳನ್ನು ಅದಕ್ಕೆ ಸೇರಿಸುವಾಗ. ಹೀಗೆ ಮಾಡಿದರೆ ಹಳೆಯ ಎಣಿಕೆಯೂ ಹೊಸದೂ ಒಳಗೇ ಉಳಿದು, ಫಲಿತಾಂಶದಲ್ಲಿ ಒಂದೇ ಪದ ಎರಡು ಸಲ ಕಾಣಿಸುತ್ತದೆ. ಇನ್ನು ಹತ್ತನೆಯ ಮತ್ತು ಹನ್ನೊಂದನೆಯ ಪದಗಳ ಎಣಿಕೆ ಸಮವಾಗಿದ್ದರೆ, ಯಾವುದು ಉಳಿಯುತ್ತದೆ ಎಂಬುದು ಬಂದ ಕ್ರಮವನ್ನೇ ಅವಲಂಬಿಸುತ್ತದೆ. ಪ್ರತಿ ಬಾರಿಯೂ ಒಂದೇ ಉತ್ತರ ಬೇಕೆನ್ನುವವರು ಎಣಿಕೆ ಸಮವಾದಾಗ ಅಕಾರಾದಿ ಕ್ರಮವನ್ನು ನೋಡಬೇಕೆಂಬ ನಿಯಮವನ್ನು ಹೋಲಿಕೆಯೊಳಗೇ ಸೇರಿಸಬೇಕು.