ಲಿಮಿಟ್ 1 ಬಂದ್ರೆ ಆ ಒಂದರ ಪಕ್ಕದಲ್ಲಿ ಏನಿದೆ ನೋಡಿ

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಬಿ.ಎಸ್ಸಿ. ಗಣಿತ ಓದ್ತಿರೋರಿಗೆ ಇವತ್ತಿನ ಮಾತು. ರೇಶಿಯೋ ಟೆಸ್ಟಲ್ಲಿ ಲಿಮಿಟ್ 1 ಬಂದ ತಕ್ಷಣ ‘ಟೆಸ್ಟ್ ಫೇಲ್’ ಅಂತ ಬರೆದು, ಕೆಳಗೆ ರಾಬೆ ಟೆಸ್ಟಿನ ಸೂತ್ರ ಇಳಿಸಿಬಿಡ್ತೀವಿ. ಆ ಸೂತ್ರ ಎಲ್ಲಿಂದ ಬಂತು ಅಂತ ಹೇಳದೆ ಅದನ್ನ ಬಾಯಿಪಾಠ ಮಾಡಿಸೋದು ತಪ್ಪು ಅನ್ನೋದು ನನ್ನ ಅಭಿಪ್ರಾಯ.

ರೇಶಿಯೋ ಟೆಸ್ಟ್ ನಮ್ಮ ಸೀರೀಸನ್ನ ಗುಣೋತ್ತರ ಶ್ರೇಢಿ ಜೊತೆ ಹೋಲಿಸುತ್ತೆ. 1/n ಡೈವರ್ಜ್ ಆಗುತ್ತೆ, 1/n² ಕನ್ವರ್ಜ್ ಆಗುತ್ತೆ, ಆದ್ರೆ ಎರಡಕ್ಕೂ ಲಿಮಿಟ್ 1. ಕಾಫಿ ಕ್ಯೂರಿಂಗಲ್ಲಿ ದೊಡ್ಡ ಕಣ್ಣಿನ ಜರಡಿಯಿಂದ ಬೀಜ ಎಲ್ಲಾ ಕೆಳಗೆ ಬಿದ್ರೆ ಸಣ್ಣ ಕಣ್ಣಿನದು ಹಿಡೀಬೇಕಲ್ವಾ, ಹಾಗೇನೇ ಇದು.

ಆ ಸಣ್ಣ ಕಣ್ಣಿನ ಜರಡಿ 1/nᵖ. ಇದರಲ್ಲಿ ಒಂದು ಪದವನ್ನ ಅದರ ಮುಂದಿನ ಪದದಿಂದ ಭಾಗಿಸಿ: (1+1/n)ᵖ ಬರುತ್ತೆ, ಅಂದ್ರೆ ಸುಮಾರು 1 + p/n. ಒಂದನ್ನ ಕಳೆದು n ಇಂದ ಗುಣಿಸಿದ್ರೆ p ಉಳಿಯುತ್ತೆ. ರಾಬೆ ಟೆಸ್ಟ್ ಅಂದ್ರೆ ಇಷ್ಟೇ. n(aₙ/aₙ₊₁ − 1) ಅನ್ನೋದರ ಲಿಮಿಟ್ ಒಂದಕ್ಕಿಂತ ಜಾಸ್ತಿ ಇದ್ರೆ ಕನ್ವರ್ಜ್, ಕಮ್ಮಿ ಇದ್ರೆ ಡೈವರ್ಜ್. ಪದಗಳೆಲ್ಲ ಧನ ಸಂಖ್ಯೆ ಆಗಿರಬೇಕು.

ಇಲ್ಲೊಂದು ಎಚ್ಚರ. ರೇಶಿಯೋ ಟೆಸ್ಟಿನ ರೂಢಿಯಲ್ಲಿ aₙ₊₁ ಮೇಲೆ ಬರೆದು ಒಂದು ಕಳೆದ್ರೆ ಉತ್ತರ ಮೈನಸ್ ಬರುತ್ತೆ. 1/n² ಗೆ −2 ಸಿಗುತ್ತೆ, ‘ಒಂದಕ್ಕಿಂತ ಕಮ್ಮಿ, ಡೈವರ್ಜ್’ ಅಂತ ಬರೆದುಬಿಡ್ತಾರೆ. ಮೈನಸ್ ಕಂಡ್ರೆ ಮೊದಲು ಭಿನ್ನರಾಶಿ ತಲೆಕೆಳಗಾಗಿದೆಯಾ ನೋಡಿ.

ಈಗ ಒಂದು ಲೆಕ್ಕ. ಬೆಸ ಸಂಖ್ಯೆಗಳ ಗುಣಲಬ್ಧ ಮೇಲೆ, ಸಮ ಸಂಖ್ಯೆಗಳದ್ದು ಕೆಳಗೆ: aₙ = 1·3·5…(2n−1) / 2·4·6…(2n). ಇಲ್ಲಿ aₙ/aₙ₊₁ = (2n+2)/(2n+1). ಒಂದು ಕಳೆದ್ರೆ 1/(2n+1), n ಇಂದ ಗುಣಿಸಿದ್ರೆ n/(2n+1), ಲಿಮಿಟ್ ಅರ್ಧ. ಅಂದ್ರೆ ಈ ಪದಗಳು 1/√n ನಡಿಗೆಯಲ್ಲಿ ಇಳೀತಿವೆ. ಡೈವರ್ಜ್. ಪ್ರತಿ ಪದದ ಘನ ತಗೊಂಡ್ರೆ ಲಿಮಿಟ್ ಒಂದೂವರೆ, ಕನ್ವರ್ಜ್.

ವರ್ಗ ತಗೊಂಡ್ರೆ? ಲಿಮಿಟ್ ಸರಿಯಾಗಿ 1. ರಾಬೆ ಟೆಸ್ಟೂ ಕೈಚೆಲ್ಲುತ್ತೆ. ಹಾಗಂತ ಡೈವರ್ಜ್ ಅಂತ ಊಹಿಸೋ ಹಾಗಿಲ್ಲ, 1/(n(log n)²) ಗೂ ಇದೇ 1 ಬರುತ್ತೆ, ಅದು ಕನ್ವರ್ಜ್ ಆಗುತ್ತೆ. ಇಂಥ ಕಡೆ ಲಿಮಿಟ್ ಬಿಟ್ಟು ನೇರವಾಗಿ 1/n ಜೊತೆ ಹೋಲಿಸಿ. bₙ = aₙ² ಅಂತ ಇಟ್ಕೊಳ್ಳಿ. bₙ/bₙ₊₁ = (2n+2)²/(2n+1)². ಇದು (n+1)/n ಗಿಂತ ಚಿಕ್ಕದಾ? ಅಡ್ಡ ಗುಣಿಸಿ ಎರಡೂ ಕಡೆ n+1 ಹೊಡೆದುಹಾಕಿದ್ರೆ ಒಂದು ಕಡೆ 4n²+4n, ಇನ್ನೊಂದು ಕಡೆ 4n²+4n+1. ಒಂದೇ ಒಂದರ ವ್ಯತ್ಯಾಸ, ಆದ್ರೆ ಪ್ರತಿ n ಗೂ ಚಿಕ್ಕದೇ. ಹಾಗಾಗಿ n·bₙ ಏರ್ತಾನೇ ಹೋಗುತ್ತೆ. ಮೊದಲ ಬೆಲೆ 1/4, ಅಂದ್ರೆ bₙ ಯಾವತ್ತೂ 1/(4n) ಗಿಂತ ಕೆಳಗಿಳಿಯಲ್ಲ. ಸೀರೀಸ್ ಡೈವರ್ಜ್.